ಲಗ್ನಪತ್ರಿಕೆಯಲ್ಲಿ ಅಕ್ಷರದ ಗಾತ್ರ: ಒತ್ತಕ್ಷರದಿಂದ ಲೆಕ್ಕ ಹಾಕಿ

ಫಾಂಟ್ ಆರಿಸುವಾಗ ವಧೂವರರ ಹೆಸರನ್ನಷ್ಟೇ ಟೈಪ್ ಮಾಡಿ ನೋಡುವುದು ವಾಡಿಕೆ. ಹೆಸರು ದೊಡ್ಡದಾಗಿ ಬರುವುದರಿಂದ ಯಾವ ಫಾಂಟಿನಲ್ಲೂ ಚೆನ್ನಾಗಿಯೇ ಕಾಣುತ್ತದೆ. ತೊಂದರೆ ಇರುವುದು ಅದರ ಕೆಳಗಿನ ಸಣ್ಣ ಸಾಲುಗಳಲ್ಲಿ. ಹಾಗಾಗಿ ‘ಜ್ಯೇಷ್ಠ ಪುತ್ರ’, ‘ಲಕ್ಷ್ಮೀ’ ಇಂಥ ಪದಗಳನ್ನು ಹಾಕಿ ನೋಡಿ. ಠ ಒತ್ತಿನೊಳಗಿನ ಚುಕ್ಕೆ ಸಣ್ಣ ಗಾತ್ರದಲ್ಲಿ ಶಾಯಿ ತುಂಬಿಕೊಂಡು ಬರೀ ಉಂಡೆಯಾಗುತ್ತದೆ. ಧ ಅಕ್ಷರದ ಕೆಳಗಿನ ಸೀಳು ಮುಚ್ಚಿಹೋದರೆ ಅದು ದ ಆಗಿ, ‘ವಧು’ ‘ವದು’ ಆಗುತ್ತಾಳೆ.

ಕನ್ನಡಕ್ಕೂ ಇಂಗ್ಲಿಷಿಗೂ ಒಂದೇ ಪಾಯಿಂಟ್ ಕೊಟ್ಟರೆ ಸಾಮಾನ್ಯವಾಗಿ ಕನ್ನಡವೇ ಚಿಕ್ಕದಾಗಿ ಕಾಣುತ್ತದೆ. ಒತ್ತಕ್ಷರಕ್ಕೆ ಕೆಳಗೆ ಜಾಗ ಬಿಡಬೇಕೆಂದು ಹಲವು ಫಾಂಟುಗಳಲ್ಲಿ ಮೂಲಾಕ್ಷರವನ್ನೇ ಕುಗ್ಗಿಸಿರುತ್ತಾರೆ. ಹಳೆಯ ವಿಂಡೋಸ್ ಜೊತೆ ಬರುತ್ತಿದ್ದ ತುಂಗಾ ಫಾಂಟಿನಲ್ಲಿ ಇದು ಎದ್ದು ಕಾಣುತ್ತದೆ.

5×7 ಇಂಚಿನ ಕಾರ್ಡ್ ಎಂದುಕೊಳ್ಳಿ. ಇಂಗ್ಲಿಷ್ ವಿವರ 10 ಪಾಯಿಂಟ್ ಇದ್ದರೆ ನೋಟೋ ಸೆರಿಫ್ ಕನ್ನಡದಂಥ ಫಾಂಟನ್ನು 12ರಿಂದ ಶುರುಮಾಡಿ, ಪಕ್ಕಪಕ್ಕ ಇಟ್ಟು ಕಣ್ಣಳತೆಯಲ್ಲೇ ಸರಿಹೊಂದಿಸಿ. ಸಾಲಿನ ಅಂತರ ಇಂಗ್ಲಿಷಿಗೆ 13 ಸಾಕು, ಕನ್ನಡಕ್ಕೆ 18 ಬೇಕು. ಅದಕ್ಕಿಂತ ಬಿಗಿ ಮಾಡಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಜಾಗ ಸಾಲದಿದ್ದರೆ ಬಂಧುಗಳ ಪಟ್ಟಿಯನ್ನು ಒಳಹಾಳೆಗೆ ಸಾಗಿಸಿ, ಅಕ್ಷರ ಕುಗ್ಗಿಸಬೇಡಿ. ಪತ್ರಿಕೆಯನ್ನು ಹೆಚ್ಚು ಗಮನವಿಟ್ಟು ಓದುವವರು ಹಿರಿಯರೇ.

ಬಂಗಾರದ ಫಾಯಿಲ್‌ನಲ್ಲಿ ಕೂದಲೆಳೆಯಂಥ ಗೆರೆ ತುಂಡಾಗುತ್ತದೆ, ಪುಟ್ಟ ಸಂದು ಮುಚ್ಚಿಕೊಳ್ಳುತ್ತದೆ. ಸಾಲದ್ದಕ್ಕೆ ಬೆಳಕು ಬಿದ್ದಾಗ ಅದು ಹೊಳೆದು ಓದಲು ಬಿಡುವುದಿಲ್ಲ. ಫಾಯಿಲ್ ಹೆಸರುಗಳಿಗಷ್ಟೇ ಇರಲಿ. ಮುಹೂರ್ತ, ಸ್ಥಳ, ಫೋನ್ ನಂಬರನ್ನು ಒಂದೇ ಗಾಢ ಶಾಯಿಯಲ್ಲಿ, ತಿಳಿ ಕಾಗದದ ಮೇಲೆ ಅಚ್ಚು ಹಾಕಿಸಿ. ಕನ್ನಡ ಅಂಕಿಗಳೇ ಬೇಕೆಂದರೆ ೧ ಮತ್ತು ೦ ಬೇರೆಬೇರೆಯಾಗಿ ಕಾಣುತ್ತವೆಯೇ ಎಂದು ‘೧೦-೧೦’ ಬರೆದು ನೋಡಿ. ಫೋನ್ ನಂಬರಿಗಂತೂ ಇಂಗ್ಲಿಷ್ ಅಂಕಿಯೇ ವಾಸಿ.

ಪರದೆಯ ಮೇಲೆ ಹಿಗ್ಗಿಸಿ ನೋಡಿ ಒಪ್ಪಿಗೆ ಕೊಡಬೇಡಿ. ಪ್ರಿಂಟ್ ಕೊಡುವಾಗ Actual size ಆರಿಸಿ. Fit ಎಂದಿದ್ದರೆ ಗಾತ್ರವೇ ಬದಲಾಗಿಬಿಡುತ್ತದೆ. ಆ ಹಾಳೆಯನ್ನು ಸಂಜೆಯ ಮನೆಬೆಳಕಿನಲ್ಲಿ ಒಂದು ಮೊಳ ದೂರ ಹಿಡಿದು, ಕನ್ನಡಕ ಹಾಕುವವರೊಬ್ಬರಿಂದ ಗಟ್ಟಿಯಾಗಿ ಓದಿಸಿ. ಅವರು ತಡವರಿಸಿದ ಸಾಲಿಗೆ ಒಂದು ಪಾಯಿಂಟ್ ಹೆಚ್ಚಿಸಿ.

ಇನ್ನೊಂದು ಕಡೆ ಎಡವುವುದುಂಟು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗುತ್ತದೆ. ಯೂನಿಕೋಡ್ ಪಠ್ಯವಾದರೆ, ಕನ್ನಡಕ್ಕೆ ಹೊಂದಿಸದ ತಂತ್ರಾಂಶದಲ್ಲಿ ‘ಪುತ್ರ’ದ ಒತ್ತು ಬಿಡಿಯಾಗಿ ‘ಪುತ್‌ರ’ ಎಂದು ನಿಲ್ಲುತ್ತದೆ. ಇನ್‌ಡಿಸೈನ್‌ನಲ್ಲಾದರೆ World-Ready Paragraph Composer ಆರಿಸಿದರೆ ಸರಿಹೋಗುತ್ತದೆ. ತಿದ್ದುಪಡಿ ಪೂರ್ತಿ ಮುಗಿದ ಮೇಲೆ ಅಕ್ಷರಗಳನ್ನು ಔಟ್‌ಲೈನ್‌ಗೆ, ಅಂದರೆ ಬರೀ ಆಕಾರಗಳಿಗೆ ಬದಲಿಸಿ ಪಿಡಿಎಫ್ ಕಳಿಸಿ. ತಿದ್ದಬಹುದಾದ ಮೂಲ ಫೈಲನ್ನು ಬೇರೆಯಾಗಿ ಉಳಿಸಿಕೊಳ್ಳಿ, ಏಕೆಂದರೆ ಔಟ್‌ಲೈನ್ ಆದಮೇಲೆ ಕಾಗುಣಿತ ತಿದ್ದಲು ಬರುವುದಿಲ್ಲ.