ಅರಬ್ಬಿ ನಿಧನ ಸೂಚನೆಯ ‘ಹರಮ್’ ಯಾರ ಹೆಂಡತಿ? ಅನುವಾದ ಕಲಿಯುವವರಿಗೆ ಟಿಪ್ಪಣಿ

ಈಜಿಪ್ಟಿನ ಪತ್ರಿಕೆಗಳ ‘ವಫಯಾತ್’ ಪುಟದಲ್ಲಿ, ಅಂದರೆ ನಿಧನ ವಾರ್ತೆಗಳ ಪುಟದಲ್ಲಿ, ಬರುವ ಸೂಚನೆಗಳನ್ನು ಇಂಗ್ಲಿಷಿಗೆ ತರುವ ಅಭ್ಯಾಸವನ್ನು ಕೆಲವು ವಾರಗಳಿಂದ ಮಾಡುತ್ತಿದ್ದೇನೆ. 1876ರಲ್ಲಿ ಅಲೆಕ್ಸಾಂಡ್ರಿಯಾದಿಂದ ಮೊದಲ ಸಂಚಿಕೆ ತಂದ ‘ಅಲ್-ಅಹ್ರಾಮ್’ ಈ ಪುಟಕ್ಕೆ ವಿಶೇಷವಾಗಿ ಹೆಸರಾದ ಪತ್ರಿಕೆ. ಸೂಚನೆಯ ಮೊದಲ ಸಾಲು ಮತ್ತು ಕೊನೆಯ ಪ್ರಾರ್ಥನೆ ಬೇಗ ಕೈವಶವಾಗುತ್ತವೆ. ಅವುಗಳ ನಡುವೆ ಬರುವ ಬಂಧುಗಳ ಸರಪಣಿಯಲ್ಲಿ ನಾನು ಮತ್ತೆ ಮತ್ತೆ ಎಡವಿದೆ. ಆದ್ದರಿಂದ ಈ ಟಿಪ್ಪಣಿಯ ಬಹುಪಾಲು ಅದಕ್ಕೇ ಮೀಸಲು.

ಸಿದ್ಧ ನುಡಿಗಳು

‘ಇಂತಕಲ ಇಲಾ ರಹ್ಮತಿಲ್ಲಾಹ್’ ಎಂಬುದು ಪದಶಃ ‘ದೇವರ ಕರುಣೆಯೆಡೆಗೆ ಸ್ಥಳಾಂತರಗೊಂಡರು’ ಎಂದಾಗುತ್ತದೆ. ನಮ್ಮ ಪತ್ರಿಕೆಗಳ ‘ದೈವಾಧೀನರಾದರು’, ‘ಶಿವೈಕ್ಯರಾದರು’ ಎಂಬ ಮಾತುಗಳನ್ನು ಓದಿ ಬೆಳೆದವರಿಗೆ ಇದರ ಧಾಟಿ ಹೊಸದಲ್ಲ. ಸೂಚನೆಯನ್ನು ಮಾಹಿತಿಗಾಗಿ ಓದುವವರಿಗೆ ‘ಪಾಸ್ಡ್ ಅವೇ’ ಸಾಕು. ಕುಟುಂಬದವರೇ ಓದುವುದಾದರೆ ‘ಪಾಸ್ಡ್ ಇಂಟು ದ ಮರ್ಸಿ ಆಫ್ ಗಾಡ್’ ಎಂದು ಉಳಿಸಿಕೊಳ್ಳುವುದು ಒಳ್ಳೆಯದು. ಕ್ರೈಸ್ತರ ಸೂಚನೆಗಳಲ್ಲಿ ಈ ಜಾಗದಲ್ಲಿ ‘ರಕದ ಅಲಾ ರಜಾಇಲ್ ಕಿಯಾಮಾ’, ಅಂದರೆ ‘ಪುನರುತ್ಥಾನದ ಭರವಸೆಯಲ್ಲಿ ನಿದ್ರಿಸಿದರು’, ಎಂಬಂಥ ಮಾತು ಬರುತ್ತದೆ. ಇದನ್ನು ‘ಪಾಸ್ಡ್ ಅವೇ’ ಎಂದು ಸವೆಸಿಬಿಟ್ಟರೆ ಕುಟುಂಬದ ಧರ್ಮವನ್ನು ತಿಳಿಸುವ ಸುಳಿವೇ ಅಳಿಸಿಹೋಗುತ್ತದೆ.

ಕೊನೆಯ ಪ್ರಾರ್ಥನೆಯಲ್ಲಿ ಕ್ರಿಯಾಪದದ ರೂಪವನ್ನು ನೋಡಿ ಮೋಸಹೋಗಬಾರದು. ‘ತಗಮ್ಮದಲ್ಲಾಹುಲ್ ಫಕೀದ ಬಿವಾಸಿಇ ರಹ್ಮತಿಹ್’ ಎಂಬಲ್ಲಿ ಕ್ರಿಯಾಪದ ಭೂತಕಾಲದ್ದು. ನಾನು ಮೊದಲ ಸಲ ‘ದೇವರು ಮೃತರನ್ನು ತನ್ನ ವಿಶಾಲ ಕರುಣೆಯಿಂದ ಆವರಿಸಿದನು’ ಎಂಬ ಅರ್ಥದಲ್ಲಿ ಬರೆದೆ. ಅರಬ್ಬಿಯಲ್ಲಿ ಹಾರೈಕೆಯನ್ನೂ ಭೂತಕಾಲದ ರೂಪದಲ್ಲೇ ಹೇಳುತ್ತಾರೆ. ಇಲ್ಲಿರುವ ಅರ್ಥ ‘ಆವರಿಸಲಿ’ ಎಂದು, ಇಂಗ್ಲಿಷಿನಲ್ಲಿ ಅದು ‘ಮೇ ಗಾಡ್’ ಎಂದೇ ಆರಂಭವಾಗಬೇಕು. ‘ಮರ್ಹೂಮ್’ ಪದದಲ್ಲೂ ಇಂಥದೇ ಹಾರೈಕೆ ಅಡಗಿದೆ. ಅದರ ಮೂಲಾರ್ಥ ‘ಕರುಣೆಗೆ ಪಾತ್ರರಾದವರು’. ಕರುಣೆ ಸಿಕ್ಕಿತೆಂದು ಮನುಷ್ಯರು ಖಚಿತವಾಗಿ ಹೇಳುವಂತಿಲ್ಲ ಎಂಬ ಎಚ್ಚರದಿಂದ ಹಲವರು ಅದಕ್ಕೆ ‘ಬಿಇದ್ನಿಲ್ಲಾಹ್’, ಅಂದರೆ ‘ದೇವರು ಒಪ್ಪಿದರೆ’, ಎಂದು ಸೇರಿಸುತ್ತಾರೆ. ಇಂಗ್ಲಿಷಿನಲ್ಲಿ ‘ದ ಲೇಟ್’ ಎಂಬುದನ್ನು ಈಗ ತೀರಿಕೊಂಡವರ ಹೆಸರಿಗೆ ಅಂಟಿಸುವ ಅಗತ್ಯವಿಲ್ಲ. ಸರಪಣಿಯಲ್ಲಿ ಬರುವ ಇತರ ಮೃತರಿಗೆ ಮಾತ್ರ ಅದು ಕಡ್ಡಾಯ.

ವಯಸ್ಸಿನ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ‘ಅನ್ ಉಮ್ರಿನ್ ಯುನಾಹಿಝು 78 ಆಮನ್’ ಎಂಬುದಕ್ಕೆ ನಿಘಂಟಿನ ಪ್ರಕಾರ ‘78ನ್ನು ಸಮೀಪಿಸುತ್ತಿರುವ ವಯಸ್ಸಿನಲ್ಲಿ’ ಎಂಬ ಅರ್ಥ ಬರುತ್ತದೆ. ಸೂಚನೆಗಳಲ್ಲಿ ಅದನ್ನು ಬರೆಯುವುದು ‘78ನೆಯ ವಯಸ್ಸಿನಲ್ಲಿ’ ಎಂಬ ಸಲೀಸಾದ ಅರ್ಥದಲ್ಲಿ. ಇದನ್ನು ನೋಡಿ ವಂಶಾವಳಿಯಲ್ಲಿ ಜನ್ಮವರ್ಷವನ್ನು ಖಚಿತವಾಗಿ ಲೆಕ್ಕಹಾಕಲು ಹೋಗಬಾರದು.

ಸರಪಣಿ ಬಿಡಿಸುವುದು

ನನ್ನನ್ನು ಕಾಡಿದ ಭಾಗ ಇದು. ಅಭ್ಯಾಸಕ್ಕೆಂದು ನಾನೇ ಕಟ್ಟಿಕೊಂಡ ಒಂದು ಮಾದರಿ ಇಲ್ಲಿದೆ. ಹೆಸರುಗಳು ಕಲ್ಪಿತ, ರಚನೆ ಮಾತ್ರ ಪತ್ರಿಕೆಯಲ್ಲಿ ಕಾಣುವಂಥದೇ.

‘ತುವುಫ್ಫಿಯತ್ ಇಲಾ ರಹ್ಮತಿಲ್ಲಾಹಿ ತಆಲಾ ಅಲ್-ಹಾಜ್ಜಾ ನಾದಿಯಾ, ಕರೀಮತ್ ಅಲ್-ಮರ್ಹೂಮ್ ಹಸನ್, ವ ಹರಮ್ ಅಲ್-ಮರ್ಹೂಮ್ ಮಹ್ಮೂದ್, ವ ವಾಲಿದತ್ ಅಲ್-ಮುಹಂದಿಸ್ ಸಮೀರ್ ಬಿಲ್-ಕಹ್ರಬಾ ವ ಹರಮ್ ಅದ್-ದುಕ್ತೂರ್ ಆದಿಲ್, ವ ಶಕೀಕತ್ ಕುಲ್ ಮಿನ್ ಅಲೀ ವ ಅಲ್-ಮರ್ಹೂಮ್ ಉಮರ್, ವ ಖಾಲತ್ ತಾರಿಕ್.’

ಓದಲು ಅನುಕೂಲವಾಗಲೆಂದು ಅಲ್ಪವಿರಾಮಗಳನ್ನು ನಾನು ಹಾಕಿದ್ದೇನೆ. ಪತ್ರಿಕೆಯಲ್ಲಿ ಇಷ್ಟು ಧಾರಾಳವಾಗಿ ಅವು ಸಿಗುವುದಿಲ್ಲ.

‘ಕರೀಮಾ’ ಎಂಬುದನ್ನು ನಾನು ಮೊದಲು ಹೆಣ್ಣಿನ ಹೆಸರೆಂದೇ ಓದಿದೆ, ಏಕೆಂದರೆ ಅದು ಹೆಸರೂ ಹೌದು. ಇಲ್ಲಿ ಅದು ‘ಮಗಳು’ ಎಂಬುದರ ಗೌರವದ ರೂಪ, ಮಗನಿಗೆ ‘ನಜ್ಲ್’ ಇರುವ ಹಾಗೆ. ಅದರ ಬೆನ್ನಿಗೇ ಒಬ್ಬ ಗಂಡಸಿನ ಹೆಸರೋ ‘ಅಲ್-ಮರ್ಹೂಮ್’ ಎಂಬ ಪದವೋ ಬಂದರೆ ಅದು ಬಹುತೇಕ ಸಂಬಂಧಸೂಚಕವೇ. ‘ಬಿಲ್-ಕಹ್ರಬಾ’ ಎಂಬುದನ್ನು ‘ವಿದ್ಯುತ್ತಿನಿಂದ’ ಎಂದು ಓದಿ, ಪಾಪ, ಸಮೀರ್ ವಿದ್ಯುದಾಘಾತಕ್ಕೆ ಬಲಿಯಾದನೆಂದು ಒಂದು ಕ್ಷಣ ಭಾವಿಸಿದ್ದೆ. ಅವನು ವಿದ್ಯುತ್ ಇಲಾಖೆಯಲ್ಲಿ ಎಂಜಿನಿಯರ್ ಎಂಬುದಷ್ಟೇ ಅದರ ಅರ್ಥ. ಕೆಲಸದ ಜಾಗವನ್ನು ಹೀಗೆ ‘ಬಿ’ ಎಂಬ ಅಕ್ಷರದಿಂದ ಹೆಸರಿಗೆ ಹೆಣೆಯುವುದು ಈಜಿಪ್ಟಿನ ಸೂಚನೆಗಳಲ್ಲಿ ಮಾಮೂಲು.

ಈಗ ‘ಹರಮ್’. ಇದೂ ಗೌರವದ ಪದ, ಅರ್ಥ ‘ಪತ್ನಿ’. ಮೇಲಿನ ಸಾಲಿನಲ್ಲಿ ಅದು ಎರಡು ಸಲ ಬಂದಿದೆ, ಮತ್ತು ನಾನು ಎರಡನ್ನೂ ನಾದಿಯಾ ಅವರಿಗೇ ಹೊಂದಿಸಿ, ಅವರನ್ನು ದಿವಂಗತ ಮಹ್ಮೂದರಿಗೂ ಡಾಕ್ಟರ್ ಆದಿಲ್ ಅವರಿಗೂ ಪತ್ನಿಯನ್ನಾಗಿ ಮಾಡಿದ್ದೆ. ವಿಧವೆಯಾದ ಮೇಲೆ ಮರುಮದುವೆ ಆಗಿರಬಹುದು ಎಂದು ಸಮಾಧಾನವನ್ನೂ ಹೇಳಿಕೊಂಡಿದ್ದೆ. ನಿಜವಾಗಿ ಎರಡನೆಯ ‘ಹರಮ್’ ನಾದಿಯಾ ಅವರ ಮಗಳು. ಮಗಳ ಹೆಸರನ್ನು ಅಚ್ಚುಮಾಡದೆ, ಅಳಿಯನ ಹೆಸರಿನ ಮೂಲಕ ಅವಳನ್ನು ಗುರುತಿಸುವ ರೂಢಿ, ಮುಖ್ಯವಾಗಿ ಹಳೆಯ ಸೂಚನೆಗಳಲ್ಲಿ, ಹೇರಳವಾಗಿ ಕಾಣುತ್ತದೆ. ಅಂದರೆ ‘ವಾಲಿದತ್’ ಎಂಬ ಒಂದೇ ಪದದ ಆಳ್ವಿಕೆ ಸಮೀರ್ ಮೇಲೂ ಇದೆ, ‘ಆದಿಲ್ ಅವರ ಪತ್ನಿ’ಯ ಮೇಲೂ ಇದೆ: ಇವರು ಸಮೀರ್‌ನ ತಾಯಿ, ಮತ್ತು ಡಾಕ್ಟರ್ ಆದಿಲ್ ಅವರ ಪತ್ನಿಯ ತಾಯಿ.

ತೀರಿಕೊಂಡವರು ಗಂಡಸಾಗಿದ್ದರೆ ಈ ಗೊಂದಲವೇ ಇಲ್ಲ. ‘ವಾಲಿದ್ ಸಮೀರ್ ವ ಹರಮ್ ಆದಿಲ್’ ಎಂದಾಗ ಗಂಡಸು ಯಾರ ಪತ್ನಿಯೂ ಆಗಲಾರನಾದ್ದರಿಂದ ಅರ್ಥ ತಾನಾಗಿ ಸರಿಹೋಗುತ್ತದೆ. ಹೆಂಗಸಿನ ಸೂಚನೆಯಲ್ಲಿ ಮಾತ್ರ ಎರಡೂ ಅರ್ಥಗಳು ವ್ಯಾಕರಣಕ್ಕೆ ಒಪ್ಪುತ್ತವೆ. ಬೇರೆ ಸಂಬಂಧಪದಗಳಲ್ಲಿ ಲಿಂಗ ನಮ್ಮ ಕೈಹಿಡಿಯುತ್ತದೆ: ‘ಶಕೀಕತ್’, ಅಂದರೆ ‘ಒಡಹುಟ್ಟಿದವಳು’, ಸ್ತ್ರೀಲಿಂಗವಾದ್ದರಿಂದ ಅದು ಹಿಂದೆ ಹೆಸರಿಸಿದ ಆದಿಲ್‌ಗೆ ಸಲ್ಲದೆ ನೇರವಾಗಿ ನಾದಿಯಾ ಅವರಿಗೆ ಸಲ್ಲುತ್ತದೆ. ‘ಹರಮ್’ ಪದಕ್ಕೆ ಮಾತ್ರ ಸ್ತ್ರೀಲಿಂಗದ ಕೊನೆಯಕ್ಷರವೂ ಇಲ್ಲ, ಅದು ಯಾವಾಗಲೂ ಹೆಂಗಸನ್ನೇ ಸೂಚಿಸುವುದರಿಂದ ಲಿಂಗ ನೋಡಿ ಪ್ರಯೋಜನವೂ ಇಲ್ಲ.

ಹಾಗಾದರೆ ನಿರ್ಧರಿಸುವುದು ಹೇಗೆ? ನಾನೀಗ ಮೊದಲು ಸ್ಥಾನವನ್ನು ನೋಡುತ್ತೇನೆ. ಮೃತೆಯ ತಂದೆ, ಗಂಡ, ಮಕ್ಕಳು, ಒಡಹುಟ್ಟಿದವರು, ಅನಂತರ ದೂರದ ನೆಂಟರು ಎಂಬುದು ಸಾಮಾನ್ಯ ಕ್ರಮ. ‘ವಾಲಿದತ್’ ಬರುವ ಮೊದಲು ಸಿಗುವ ‘ಹರಮ್’ ಮೃತೆಯೇ. ಅದಾದ ಮೇಲೆ ಸಿಗುವುದು ಹೆಚ್ಚಾಗಿ ಮಗಳು. ಗಂಡನ ಹೆಸರು ಮೊದಲೇ ಬಂದಿದ್ದರೆ ಸಂಶಯ ಇನ್ನೂ ಕಡಿಮೆಯಾಗುತ್ತದೆ. ‘ಹರಮ್ ಕುಲ್ ಮಿನ್’, ಅಂದರೆ ‘ಇವರಲ್ಲಿ ಪ್ರತಿಯೊಬ್ಬರ ಪತ್ನಿ’, ಎಂದು ಬರೆದು ಎರಡು ಮೂರು ಗಂಡಸರ ಹೆಸರು ಕೊಟ್ಟಿದ್ದರೆ ಅದು ಹೆಣ್ಣುಮಕ್ಕಳ ಪಟ್ಟಿ ಎಂಬುದರಲ್ಲಿ ಅನುಮಾನವೇ ಬೇಡ. ಆದರೆ ಗಂಡನ ಹೆಸರು ಬೇರೆಲ್ಲೂ ಇಲ್ಲದೆ, ಮಕ್ಕಳ ನಂತರ ಒಂದೇ ಒಂದು ‘ಹರಮ್’ ಬಂದರೆ, ಸೂಚನೆಯನ್ನು ಎಷ್ಟು ತಿರುಗಿಸಿ ನೋಡಿದರೂ ಉತ್ತರ ಸಿಗದು. ಆಗ ಕುಟುಂಬದವರನ್ನು ಕೇಳಬೇಕು, ಇಲ್ಲವೇ ಎರಡೂ ಅರ್ಥಗಳನ್ನು ಅಡಿಟಿಪ್ಪಣಿಯಲ್ಲಿ ಕೊಡಬೇಕು. ಇಂಗ್ಲಿಷಿನಲ್ಲಿ ಮಗಳಿಗೊಂದು ಹೆಸರು ಹುಟ್ಟಿಸುವ ಹಾಗಿಲ್ಲ. ‘ಮದರ್ ಆಫ್ ಸಮೀರ್, ಆ್ಯಂಡ್ ಆಫ್ ದ ವೈಫ್ ಆಫ್ ಡಾಕ್ಟರ್ ಆದಿಲ್’ ಎಂಬ ವಾಕ್ಯ ಕಿವಿಗೆ ಒರಟಾದರೂ ಮೂಲ ಹೇಳಿದ್ದಷ್ಟನ್ನೇ ಅದು ಹೇಳುತ್ತದೆ.

ಇಂಗ್ಲಿಷ್ ಸೂಚನೆಗಳ ‘ಸರ್ವೈವ್ಡ್ ಬೈ’ ಎಂಬ ಅಚ್ಚಿಗೆ ಈ ಸರಪಣಿಯನ್ನು ಸುರಿಯುವುದೂ ತಪ್ಪಾಗುತ್ತದೆ. ಅರಬ್ಬಿ ಸೂಚನೆ ಬದುಕಿರುವವರನ್ನೂ ಸತ್ತವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಮೇಲಿನ ಮಾದರಿಯಲ್ಲಿ ಹಸನ್, ಮಹ್ಮೂದ್, ಉಮರ್ ಮೂವರೂ ತೀರಿಕೊಂಡವರು. ಆದ್ದರಿಂದ ‘ಡಾಟರ್ ಆಫ್’, ‘ಸಿಸ್ಟರ್ ಆಫ್’ ಎಂಬ ನೇರ ದಾರಿಯೇ ಸುರಕ್ಷಿತ.

ಕನ್ನಡದ ಮೂಲಕ ಹೋಗುವುದು, ಎಲ್ಲಿಯವರೆಗೆ?

ಇದು ನನ್ನ ಮೆಚ್ಚಿನ ಅಡ್ಡದಾರಿ. ಅರಬ್ಬಿಯಿಂದ ಇಂಗ್ಲಿಷಿಗೆ ನೇರ ಹೋದರೆ ‘ಅಂಕಲ್’, ‘ಆಂಟ್’, ‘ಬ್ರದರ್-ಇನ್-ಲಾ’ ಎಂಬ ಮಸುಕಾದ ಪದಗಳು ಸಿಗುತ್ತವೆ. ಕನ್ನಡದಲ್ಲಿ ಒಂದು ಕ್ಷಣ ನಿಂತು ಹೋದರೆ ಸಂಬಂಧ ಸ್ಪಷ್ಟವಾಗುತ್ತದೆ. ‘ಖಾಲ್’ ಎಂದರೆ ಸೋದರಮಾವ, ‘ಅಮ್ಮಾ’ ಎಂದರೆ ಸೋದರತ್ತೆ (ನಮ್ಮ ಅಮ್ಮ ಅಲ್ಲ ಎಂದು ಅಂಚಿನಲ್ಲಿ ಬರೆದಿಟ್ಟುಕೊಂಡಿದ್ದೇನೆ), ‘ಖಾಲಾ’ ಎಂದರೆ ತಾಯಿಯ ಅಕ್ಕ ಅಥವಾ ತಂಗಿ. ‘ಅದೀಲ್’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಒಂದು ಪದವಿಲ್ಲ, ನಮ್ಮಲ್ಲಿ ‘ಷಡ್ಡಕ’ ಇದ್ದಾನೆ. ‘ಸಿಲ್ಫಾ’ ಎಂಬುದಕ್ಕೆ ‘ಓರಗಿತ್ತಿ’ ಇದ್ದಾಳೆ.

ಈ ದಾರಿ ‘ಇಬ್ನ್ ಅಮ್’ ಬಳಿ ಕುಸಿಯುತ್ತದೆ. ಪದಶಃ ‘ತಂದೆಯ ಸೋದರನ ಮಗ’. ನಮ್ಮ ಲೆಕ್ಕದಲ್ಲಿ ಚಿಕ್ಕಪ್ಪನ ಮಗ ಎಂದರೆ ಅಣ್ಣ ಅಥವಾ ತಮ್ಮ, ಹೀಗಾಗಿ ನನ್ನ ಪೆನ್ನು ‘ಬ್ರದರ್’ ಎಂದು ಬರೆದುಬಿಟ್ಟಿತು. ಅರಬ್ಬಿಯಲ್ಲಿ ಅವನು ಸೋದರನಲ್ಲ. ಅವನೊಂದಿಗೆ ಮದುವೆಯೂ ಆಗಬಹುದು, ಹಾಗಾಗಿ ಒಂದೇ ಸೂಚನೆಯಲ್ಲಿ ಒಬ್ಬಾತ ಗಂಡನೂ ‘ಇಬ್ನ್ ಅಮ್’ ಕೂಡ ಆಗಿರಬಹುದು. ‘ಪೆಟರ್ನಲ್ ಕಸಿನ್’ ಎಂದೇ ಬರೆಯಬೇಕು. ಒಡಹುಟ್ಟಿದವನಿಗೆ ಸೂಚನೆಗಳು ‘ಶಕೀಕ್’ ಎಂಬ ಪದವನ್ನು ಬಳಸುತ್ತವೆ, ಅದು ಒಂದೇ ತಂದೆತಾಯಿಯ ಮಕ್ಕಳಿಗೆ ಸಲ್ಲುವ ಪದ. ಆದರೂ ಪ್ರತಿ ಸಲ ‘ಫುಲ್ ಬ್ರದರ್’ ಎಂದು ಬರೆದರೆ, ಎಲ್ಲೋ ಮಲಸೋದರರೂ ಇದ್ದಾರೇನೋ ಎಂಬ ಇಲ್ಲದ ಗುಮಾನಿ ಇಂಗ್ಲಿಷ್ ಓದುಗರಲ್ಲಿ ಹುಟ್ಟುತ್ತದೆ.

ಮತ್ತೊಂದು ಮಿತಿ: ಹಿರಿಯ-ಕಿರಿಯ ಭೇದ. ಮಾದರಿಯಲ್ಲಿ ನಾದಿಯಾ ಅವರು ತಾರಿಕ್‌ಗೆ ‘ಖಾಲಾ’. ದೊಡ್ಡಮ್ಮನೋ ಚಿಕ್ಕಮ್ಮನೋ ಎಂಬುದು ಅರಬ್ಬಿ ಪದದಲ್ಲಿಲ್ಲ, ಇಂಗ್ಲಿಷಿಗೂ ಬೇಕಿಲ್ಲ. ಕನ್ನಡದ ಕರಡಿನಲ್ಲಿ ಒಂದನ್ನು ಆರಿಸಿಕೊಂಡಿದ್ದರೆ ಅದನ್ನು ಅಲ್ಲಿಯೇ ಬಿಟ್ಟುಬರಬೇಕು.

ಕೊನೆಯ ಸಾಲು

ಸೂಚನೆಯ ತುದಿಯಲ್ಲಿ ಕೆಲವೊಮ್ಮೆ ‘ಅಲ್-ಅಝಾ ಕಾಸಿರ್ ಅಲಾ ತಶ್ಯೀಇಲ್ ಜನಾಝಾ’ ಎಂದಿರುತ್ತದೆ. ‘ಸಂತಾಪವು ಶವಯಾತ್ರೆಗೆ ಸೀಮಿತ’ ಎಂಬ ಈ ಮಾತನ್ನು ನಾನು ಅಲಂಕಾರದ ನುಡಿಯೆಂದು ಬಗೆದು ಬಿಟ್ಟುಬಿಟ್ಟಿದ್ದೆ. ಅದು ವ್ಯವಹಾರದ ಸೂಚನೆ: ಮಸೀದಿಯ ಸಭಾಂಗಣದಲ್ಲಿ ಕುಟುಂಬದವರು ಸಾಲಾಗಿ ಕುಳಿತು ಬಂದವರ ಸಾಂತ್ವನ ಸ್ವೀಕರಿಸುವ ಪ್ರತ್ಯೇಕ ಸಂಜೆ ಇರುವುದಿಲ್ಲ, ಬರುವವರು ಅಂತ್ಯಕ್ರಿಯೆಗೇ ಬರಬೇಕು. ಇಂಗ್ಲಿಷ್ ಅನುವಾದವನ್ನು ಓದಿ ಬೇರೆ ದೇಶದಿಂದ ಮರುದಿನದ ವಿಮಾನ ಹತ್ತಿ ಕೈರೋ ತಲುಪುವ ನೆಂಟರಿಗೆ ಇಡೀ ಸೂಚನೆಯಲ್ಲಿ ಮೊದಲು ತಿಳಿಯಬೇಕಾದ ಸಾಲು ಅದೇ.