ರಿಟರ್ನ್ ಸಲ್ಲಿಸಿ ವರ್ಷವಾಗುತ್ತ ಬಂದರೂ ರೀಫಂಡ್ ಬಂದಿಲ್ಲ: ಇಲಾಖೆಗೆ ಹೇಗೆ ಬರೆಯಬೇಕು?

ಪ್ರಶ್ನೆ: 2024-25ನೇ ತೆರಿಗೆ ನಿರ್ಧರಣಾ ವರ್ಷದ ಆದಾಯ ತೆರಿಗೆ ರಿಟರ್ನನ್ನು 2024ರ ಜುಲೈ 18ರಂದು ಸಲ್ಲಿಸಿ, ಅದೇ ದಿನ ಆಧಾರ್ ಒಟಿಪಿ ಮೂಲಕ ದೃಢೀಕರಿಸಿದ್ದೇನೆ. ಸಂಬಳದಿಂದ ಕಡಿತವಾದ ಟಿಡಿಎಸ್ 71,850 ರೂಪಾಯಿ, ನಾನು ಕಟ್ಟಬೇಕಾದ ತೆರಿಗೆ ಸೆಸ್ ಸೇರಿ 33,390 ರೂಪಾಯಿ. ಈಗ 2025ರ ಜೂನ್ ಬಂದಿದೆ, ಹಣ ಬಂದಿಲ್ಲ. ಯಾರಿಗೆ, ಏನೆಂದು ಬರೆಯಲಿ? ಬಡ್ಡಿ ಕೇಳಬಹುದೇ?

ಉತ್ತರ: ಬಡ್ಡಿ ಖಂಡಿತ ಕೇಳಬಹುದು. ಆದರೆ ಬರೆಯುವ ಮೊದಲು ನಿಮ್ಮ ರಿಟರ್ನ್ ಎಲ್ಲಿ ನಿಂತಿದೆ ಎಂಬುದನ್ನು ನೋಡಿಕೊಳ್ಳಬೇಕು, ಏಕೆಂದರೆ ಮನವಿಯ ಒಕ್ಕಣೆ ಅದನ್ನೇ ಅವಲಂಬಿಸಿದೆ. ಆದಾಯ ತೆರಿಗೆ ಇಲಾಖೆಯ ಪೋರ್ಟಲಿನಲ್ಲಿ e-File ಅಡಿಯ Income Tax Returns, ಅಲ್ಲಿಂದ View Filed Returns ತೆರೆಯಿರಿ. ಪರಿಶೀಲನೆ ಮುಗಿದು ರೀಫಂಡ್ ನಿಗದಿಯಾಗಿದ್ದರೂ ಹಣ ಖಾತೆಗೆ ಜಮೆಯಾಗದೆ ಹಿಂದಿರುಗಿದ್ದರೆ ತೊಂದರೆ ಬಹುಮಟ್ಟಿಗೆ ಬ್ಯಾಂಕ್ ಖಾತೆಯದು. ಖಾತೆಯನ್ನು ಮತ್ತೆ ಊರ್ಜಿತಗೊಳಿಸಿ Refund Reissue ಕೋರಿಕೆ ಸಲ್ಲಿಸಿದರೆ ಸಾಕು. ಹಳೆಯ ತೆರಿಗೆ ಬಾಕಿಗೆ ರೀಫಂಡನ್ನು ಹೊಂದಿಸಿಕೊಳ್ಳುವುದಾಗಿ 245ನೇ ಸೆಕ್ಷನ್ನಿನ ಸೂಚನೆ ಬಂದಿದ್ದರೆ ಮೊದಲು ಅದಕ್ಕೆ ಉತ್ತರಿಸಬೇಕು. ಇವೆರಡೂ ಇಲ್ಲದೆ ದೃಢೀಕರಣದ ಹಂತದಲ್ಲೇ ರಿಟರ್ನ್ ನಿಂತಿದ್ದರೆ ಮಾತ್ರ ಅದು ವಿಳಂಬದ ದೂರಾಗುತ್ತದೆ. ನಿಮ್ಮದು ಈ ಬಗೆಯದೆಂದು ಭಾವಿಸಿ ಮುಂದುವರಿಯುತ್ತೇನೆ.

ದೃಢೀಕರಿಸಿದ ನಾಲ್ಕೈದು ವಾರಗಳಲ್ಲಿ ರೀಫಂಡ್ ಬರುವುದು ವಾಡಿಕೆಯಾದರೂ ಕಾನೂನಿನ ಗಡುವು ಬೇರೆ. ರಿಟರ್ನ್ ಸಲ್ಲಿಸಿದ ಹಣಕಾಸು ವರ್ಷ ಮುಗಿದ ಮೇಲೆ ಒಂಬತ್ತು ತಿಂಗಳೊಳಗೆ ಇಲಾಖೆಯು ರಿಟರ್ನಿನ ಪರಿಶೀಲನೆಯ ಫಲವನ್ನು ತಿಳಿಸುವ 143(1)ನೇ ಸೆಕ್ಷನ್ನಿನ ತಿಳಿವಳಿಕೆ ಪತ್ರ ಕಳುಹಿಸಬೇಕು, ಅಂದರೆ ನಿಮ್ಮ ವಿಷಯದಲ್ಲಿ 2025ರ ಡಿಸೆಂಬರ್ 31ರೊಳಗೆ. ಆದ್ದರಿಂದ ಗಡುವು ಮೀರಿದೆ ಎಂದು ಈಗ ಬರೆಯಬೇಡಿ. ವಾಡಿಕೆಯ ಅವಧಿ ಮೀರಿದೆ ಎಂದೇ ಬರೆಯಿರಿ. ಡಿಸೆಂಬರ್ ದಾಟುವವರೆಗೆ ಸುಮ್ಮನಿರುವುದೂ ಸರಿಯಲ್ಲ. ಗಡುವು ಕಳೆದರೆ ಕೇಂದ್ರ ನೇರ ತೆರಿಗೆ ಮಂಡಳಿಯ ವಿಶೇಷ ಸಡಿಲಿಕೆಗಾಗಿ ಕಾಯಬೇಕಾದೀತು.

ಇನ್ನು ಲೆಕ್ಕ. ಬರಬೇಕಾದ ರೀಫಂಡ್ 71,850ರಲ್ಲಿ 33,390 ಕಳೆದು 38,460 ರೂಪಾಯಿ. ರೀಫಂಡ್ ನಿಗದಿಯಾದ ತೆರಿಗೆಯ ಶೇ. 10ಕ್ಕಿಂತ ಕಡಿಮೆಯಿದ್ದರೆ 244ಎ ಸೆಕ್ಷನ್ನಿನಡಿ ಬಡ್ಡಿ ಸಿಗುವುದಿಲ್ಲ. ನಿಮ್ಮ ತೆರಿಗೆಯ ಶೇ. 10 ಎಂದರೆ 3,339 ರೂಪಾಯಿ ಮಾತ್ರ, ಹಾಗಾಗಿ ಆ ತಡೆಯಿಲ್ಲ. ಟಿಡಿಎಸ್‌ನಿಂದ ಬರುವ ರೀಫಂಡಿಗೆ, ರಿಟರ್ನ್ ಕೊನೆಯ ದಿನಾಂಕದೊಳಗೆ ಸಲ್ಲಿಕೆಯಾಗಿದ್ದರೆ, ತೆರಿಗೆ ನಿರ್ಧರಣಾ ವರ್ಷದ ಏಪ್ರಿಲ್ 1ರಿಂದಲೇ ತಿಂಗಳಿಗೆ ಅರ್ಧ ಪರ್ಸೆಂಟ್ ಬಡ್ಡಿ ಓಡುತ್ತದೆ. ತಡವಾಗಿ ಸಲ್ಲಿಸಿದವರಿಗೆ ಸಲ್ಲಿಸಿದ ದಿನದಿಂದ ಮಾತ್ರ. ಬಡ್ಡಿ ಹಾಕುವಾಗ ಅಸಲಿನಲ್ಲಿ ನೂರಕ್ಕೆ ಕಡಿಮೆಯ ಚಿಲ್ಲರೆಯನ್ನು ಬಿಡಬೇಕು, ತಿಂಗಳ ಭಾಗವನ್ನು ಪೂರ್ಣ ತಿಂಗಳೆಂದು ಎಣಿಸಬೇಕು. ಅದರಂತೆ 38,400 ರೂಪಾಯಿಗೆ ತಿಂಗಳಿಗೆ 192 ರೂಪಾಯಿ. 2024ರ ಏಪ್ರಿಲ್‌ನಿಂದ 2025ರ ಜೂನ್‌ವರೆಗೆ 15 ತಿಂಗಳಿಗೆ 2,880 ರೂಪಾಯಿ. ಒಟ್ಟು 41,340. ಈ ಟಿಡಿಎಸ್ ಮೊತ್ತ, ನಿಮ್ಮ ಹೆಸರಿನಲ್ಲಿ ಜಮೆಯಾದ ತೆರಿಗೆಯನ್ನು ತೋರಿಸುವ 26ಎಎಸ್ ನಮೂನೆಯಲ್ಲಿಯೂ ಅಷ್ಟೇ ಕಾಣಿಸುತ್ತಿದೆಯೇ ಎಂದು ತಾಳೆ ನೋಡಿ. ಅಲ್ಲಿ ಕಡಿಮೆಯಿದ್ದರೆ ನೀವು ಹಿಡಿಯಬೇಕಾದದ್ದು ನಿಮ್ಮ ಉದ್ಯೋಗದಾತರನ್ನು, ಇಲಾಖೆಯನ್ನಲ್ಲ.

ದೂರನ್ನು ಪೋರ್ಟಲಿನ Grievances ವಿಭಾಗದ Submit Grievance ಮೂಲಕ, ಬೆಂಗಳೂರಿನಲ್ಲಿರುವ ಕೇಂದ್ರೀಕೃತ ಸಂಸ್ಕರಣಾ ಕೇಂದ್ರಕ್ಕೆ, ಅಂದರೆ CPC-ITR ಎಂದು ಆಯ್ಕೆ ಮಾಡಿ ಸಲ್ಲಿಸಿ. ಒಕ್ಕಣೆ ಹೀಗಿರಲಿ:

"2024-25ನೇ ತೆರಿಗೆ ನಿರ್ಧರಣಾ ವರ್ಷದ ನನ್ನ ರಿಟರ್ನ್, ಸ್ವೀಕೃತಿ ಸಂಖ್ಯೆ (15 ಅಂಕಿಗಳು), 18-07-2024ರಂದು ಸಲ್ಲಿಕೆಯಾಗಿ ಅದೇ ದಿನ ದೃಢೀಕರಣಗೊಂಡಿದೆ. ಈವರೆಗೆ 143(1)ನೇ ಸೆಕ್ಷನ್ನಿನ ತಿಳಿವಳಿಕೆ ಪತ್ರವಾಗಲಿ, ಯಾವುದೇ ನೋಟಿಸಾಗಲಿ ಬಂದಿಲ್ಲ. 38,460 ರೂಪಾಯಿ ರೀಫಂಡನ್ನು, 244ಎ ಸೆಕ್ಷನ್ನಿನಂತೆ 01-04-2024ರಿಂದ ಪಾವತಿಯ ದಿನದವರೆಗಿನ ಬಡ್ಡಿಯೊಂದಿಗೆ (ಜೂನ್ 2025ರವರೆಗೆ 2,880 ರೂಪಾಯಿ), ಊರ್ಜಿತಗೊಂಡ ನನ್ನ ಬ್ಯಾಂಕ್ ಖಾತೆಗೆ ಜಮೆ ಮಾಡಬೇಕೆಂದು ಕೋರುತ್ತೇನೆ."

"ಪಾವತಿಯ ದಿನದವರೆಗೆ" ಎಂಬ ಮಾತನ್ನು ಬಿಡಬೇಡಿ. ಅದಿಲ್ಲದಿದ್ದರೆ ನೀವು 2,880 ರೂಪಾಯಿಗೆ ಒಪ್ಪಿದಂತೆ ಓದಿಕೊಳ್ಳಲು ಆಸ್ಪದವಾಗುತ್ತದೆ, ಹಣ ಜುಲೈನಲ್ಲಿ ಬಂದರೆ ಬಡ್ಡಿ 3,072 ಆಗಬೇಕು. ಸ್ವೀಕೃತಿ ಪತ್ರ ಮತ್ತು ಲೆಕ್ಕದ ಹಾಳೆಯನ್ನು ಲಗತ್ತಿಸಿ. ಸಲ್ಲಿಸಿದ ಮೇಲೆ ಸಿಗುವ ದೂರು ಸಂಖ್ಯೆಯನ್ನು ದಿನಾಂಕದೊಡನೆ ಇಟ್ಟುಕೊಳ್ಳಿ, ಏಕೆಂದರೆ ಉತ್ತರ ಬಾರದೆ ಕೇಂದ್ರ ಸರ್ಕಾರದ ಸಿಪಿಗ್ರಾಮ್ಸ್‌ನಲ್ಲಿ ದೂರು ಕೊಡುವಾಗ ಅದೇ ನಿಮ್ಮ ಆಧಾರ. ನಿಮ್ಮ ವ್ಯಾಪ್ತಿಯ ತೆರಿಗೆ ಅಧಿಕಾರಿಗೆ ಕಾಗದದಲ್ಲಿ ಕೊಡುವುದಾದರೆ ಎರಡು ಪ್ರತಿ ಒಯ್ದು, ಒಂದರ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಂಡೇ ಬನ್ನಿ.

ಹಣ ಬಂದ ಮೇಲೆ ತಿಳಿವಳಿಕೆ ಪತ್ರದಲ್ಲಿನ ಬಡ್ಡಿಯನ್ನು ಮೇಲಿನ ಲೆಕ್ಕದೊಂದಿಗೆ ಹೋಲಿಸಿ ನೋಡಿ. ಆ ಬಡ್ಡಿ ತೆರಿಗೆಗೆ ಒಳಪಟ್ಟ ಆದಾಯ. ಬಂದ ವರ್ಷದ ರಿಟರ್ನಿನಲ್ಲಿ ಇತರ ಮೂಲಗಳ ಆದಾಯದಡಿ ಅದನ್ನು ತೋರಿಸಬೇಕು, ಅಸಲು ರೀಫಂಡನ್ನು ತೋರಿಸಬೇಕಿಲ್ಲ.