ಹಾಸಿಗೆ ಹಿಡಿದವರ ‘ಭೇದಿ’ ನಿಲ್ಲಿಸುವ ಮೊದಲು

ಹಾಸಿಗೆ ಹಿಡಿದ ಹಿರಿಯರಿಗೆ ಭೇದಿ ಶುರುವಾಗಿದೆ ಎಂದು ಮನೆಯವರು ಫೋನ್ ಮಾಡಿದರೆ ನಾನು ಮೊದಲು ಕೇಳುವುದು ಇಷ್ಟೇ: ಕೊನೆಯ ಸಲ ಗಟ್ಟಿಯಾಗಿ ಹೋಗಿದ್ದು ಯಾವಾಗ? ಬಹಳ ಜನ ಇದಕ್ಕೆ ಉತ್ತರ ಕೊಡುವುದಿಲ್ಲ. ದಿನಕ್ಕೆ ಎಷ್ಟು ಸಲ ಡೈಪರ್ ಬದಲಿಸಿದೆವು ಅನ್ನೋದನ್ನೇ ಹೇಳುತ್ತಾರೆ. ಆ ಲೆಕ್ಕ ನನಗೆ ಆಮೇಲೆ ಬೇಕು.

ಈಚೆಗೆ ನೋಡಿದ ಒಬ್ಬ ಅಜ್ಜಿಯ ವಿಷಯ ಹೇಳುತ್ತೇನೆ. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿತ್ತು. ನೋವಿಗೆ ಟ್ರಮಡಾಲ್, ಜೊತೆಗೆ ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆ ನಡೆಯುತ್ತಿದ್ದವು. ಈ ಮೂರೂ ಮಲ ಗಟ್ಟಿ ಮಾಡುತ್ತವೆ. ಹತ್ತು ದಿನದಿಂದ ಸರಿಯಾಗಿ ಹೋಗಿರಲಿಲ್ಲ, ಯಾರೂ ಗಮನಿಸಿರಲಿಲ್ಲ. ಆಮೇಲೆ ನೀರು ನೀರಾಗಿ ಸೋರಲು ಶುರುವಾಯಿತು. ಸೊಸೆ ಅಂಗಡಿಯಿಂದ ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆ ತಂದು ಕೊಟ್ಟರು. ದಾಳಿಂಬೆ ಸಿಪ್ಪೆಯ ಕಷಾಯವೂ ಆಯಿತು. ಜಾಸ್ತಿ ಹೋಗಬಾರದು ಅಂತ ನೀರು ಕುಡಿಸೋದನ್ನೂ ಕಡಿಮೆ ಮಾಡಿದರು. ಪಾಪ, ಅಕ್ಕರೆಯಿಂದಲೇ ಮಾಡಿದ್ದು. ಆದರೆ ಒಂದೊಂದೂ ತೊಂದರೆಯನ್ನು ಹೆಚ್ಚಿಸಿತು.

ನಡೆಯುವುದು ಏನೆಂದರೆ, ಗುದನಾಳದಲ್ಲಿ ಮಲ ದಿನಗಟ್ಟಲೆ ನಿಂತು ನೀರು ಕಳೆದುಕೊಂಡು ಕಲ್ಲಿನಂತೆ ಗಟ್ಟಿಯಾಗುತ್ತದೆ. ಆ ಉಂಡೆ ಹೊರಗೆ ಬರಲಾರದಷ್ಟು ದೊಡ್ಡದು. ಕರುಳಿನ ಮೇಲ್ಭಾಗದಲ್ಲಿ ಮಲ ಇನ್ನೂ ತೆಳುವಾಗಿಯೇ ಇರುತ್ತದೆ. ಕಾಲುವೆಗೆ ಬಂಡೆ ಬಿದ್ದರೆ ನೀರು ಬದಿಯಿಂದ ಜಿನುಗುವುದಿಲ್ಲವೇ, ಹಾಗೇ ಅದು ಉಂಡೆಯ ಸುತ್ತ ಇಳಿದು ಬರುತ್ತದೆ. ತುಂಬಿ ಹಿಗ್ಗಿದ ಗುದನಾಳ ಗುದದ್ವಾರವನ್ನು ಬಿಗಿಹಿಡಿಯುವ ಒಳಗಿನ ಸ್ನಾಯುವನ್ನು ಸಡಿಲ ಮಾಡಿಬಿಡುವುದರಿಂದ ತಡೆದುಕೊಳ್ಳಲು ಆಗುವುದಿಲ್ಲ. ಎಷ್ಟೋ ಹಿರಿಯರಿಗೆ ಸೋರಿದ್ದೇ ಗೊತ್ತಾಗುವುದಿಲ್ಲ. ಅಂದರೆ ಹೊರಗೆ ಕಾಣುವುದು ಭೇದಿ, ಒಳಗೆ ಇರುವುದು ಮಲಬದ್ಧತೆ. ಭೇದಿ ನಿಲ್ಲಿಸುವ ಮಾತ್ರೆ ಕರುಳಿನ ಚಲನೆಯನ್ನೇ ತಗ್ಗಿಸುತ್ತದೆ, ಉಂಡೆ ಇನ್ನಷ್ಟು ಗಟ್ಟಿಯಾಗುತ್ತದೆ.

ನಿಜವಾದ ಭೇದಿ ಬೇರೆ ತರಹ. ಸಾಮಾನ್ಯವಾಗಿ ಒಂದೊಂದು ಸಲವೂ ಜಾಸ್ತಿ ಹೋಗುತ್ತದೆ. ಜ್ವರ ಇರಬಹುದು, ಈಚೆಗೆ ಆಂಟಿಬಯೋಟಿಕ್ ತಗೊಂಡಿರಬಹುದು. ಸೋರಿಕೆಯಾದರೆ ಚೂರು ಚೂರೇ, ಪದೇ ಪದೇ, ಕಂದು ಕಲೆಯಂತೆ. ಹೊಟ್ಟೆ ಉಬ್ಬಿರುತ್ತದೆ, ಊಟ ಬೇಡ ಅನ್ನುತ್ತಾರೆ. ಕೆಲವರಿಗೆ ಮೂತ್ರ ಕಟ್ಟಿಕೊಳ್ಳುತ್ತದೆ, ಕೆಲವರು ಇದ್ದಕ್ಕಿದ್ದಂತೆ ತಬ್ಬಿಬ್ಬಾಗಿ ಏನೇನೋ ಮಾತಾಡುತ್ತಾರೆ. ಆದರೂ ಈ ಲಕ್ಷಣ ನೋಡಿ ನೀವೇ ತೀರ್ಮಾನಿಸಬೇಡಿ. ಡಾಕ್ಟರ್ ಅಥವಾ ನುರಿತ ನರ್ಸ್ ಗ್ಲೌಸ್ ಹಾಕಿ ಬೆರಳಿನಿಂದ ಪರೀಕ್ಷೆ ಮಾಡಿದರೆ ಬಹುಪಾಲು ಅಲ್ಲೇ ಗೊತ್ತಾಗುತ್ತದೆ. ಉಂಡೆ ಮೇಲೆ ಕೂತಿದ್ದರೆ ಬೆರಳಿಗೆ ಸಿಗದು, ಆಗ ಎಕ್ಸ್‌ರೇ ಬೇಕಾಗಬಹುದು.

ಅಜ್ಜಿಗೆ ಮೊದಲು ಲೋಪೆರಮೈಡ್ ನಿಲ್ಲಿಸಿದೆವು. ಎಡಮಗ್ಗುಲಾಗಿ ಮಲಗಿಸಿ, ಮೊಣಕಾಲು ಮಡಿಸಿ, ರಾತ್ರಿ ಎಣ್ಣೆಯ ಎನಿಮಾ ಕೊಟ್ಟು ಉಂಡೆ ಮೆತ್ತಗಾಗಲು ಬಿಟ್ಟೆವು. ಬೆಳಿಗ್ಗೆ ನರ್ಸ್ ನೋವಾಗದಂತೆ ಮರಗಟ್ಟಿಸುವ ಲಿಗ್ನೋಕೇನ್ ಜೆಲ್ ಹಚ್ಚಿ, ಒಂದೇ ಬೆರಳಿನಿಂದ, ನಾಡಿ ನೋಡುತ್ತಾ, ಸ್ವಲ್ಪ ಸ್ವಲ್ಪವಾಗಿ ತೆಗೆದರು. ಇದನ್ನು ಮನೆಯವರು ಮಾಡಬಾರದು. ನಾಡಿ ದಿಢೀರ್ ನಿಧಾನವಾಗಬಹುದು, ಗುದದ ಒಳಪದರ ಹರಿಯಬಹುದು. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರಲ್ಲಿ ಅಪಾಯ ಇನ್ನೂ ಜಾಸ್ತಿ. ಅಂಗಡಿಯಲ್ಲಿ ಸಿಗುವ ಫಾಸ್ಫೇಟ್ ಎನಿಮಾವನ್ನೂ ಕೇಳದೆ ಹಾಕಬೇಡಿ. ಕಿಡ್ನಿ ದುರ್ಬಲವಾದವರಿಗೆ ಅದು ದೇಹದ ಲವಣಗಳನ್ನೇ ಏರುಪೇರು ಮಾಡಬಹುದು. ಇಸಬ್ಗೋಲ್ ಕೂಡ ಬೇಡ. ಅಡ್ಡ ಇರುವ ಉಂಡೆಯ ಹಿಂದೆ ಇನ್ನೊಂದು ಉಂಡೆ ಸೇರುತ್ತದೆ, ಅಷ್ಟೇ.

ದಾರಿ ಬಿಟ್ಟ ಮೇಲೆ ಮಲ ಮೆತ್ತಗೆ ಮಾಡುವ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ಶುರುಮಾಡಿದೆವು. ಮುಂದಿನ ಒಂದೆರಡು ದಿನ ಮೇಲೆ ನಿಂತಿದ್ದು ತೆಳುವಾಗಿ ಇಳಿಯಿತು. ಸೊಸೆ ಮತ್ತೆ ಗಾಬರಿಯಾದರು. ಇದು ಬರಲೇಬೇಕು, ನಿಲ್ಲಿಸಬೇಡಮ್ಮ ಎಂದೆ. ಆ ದಿನಗಳಲ್ಲಿ ಪ್ರತಿ ಸಲವೂ ಬೆಚ್ಚಗಿನ ನೀರಿನಲ್ಲಿ ಒರೆಸಿ, ತಟ್ಟಿ ಒಣಗಿಸಿ, ಝಿಂಕ್ ಆಕ್ಸೈಡ್ ಮುಲಾಮು ಹಚ್ಚಬೇಕು. ಇಲ್ಲದಿದ್ದರೆ ಚರ್ಮ ಸುಟ್ಟಂತಾಗಿ ಹುಣ್ಣಾಗುತ್ತದೆ.

ವಾಂತಿ, ಜೋರು ಹೊಟ್ಟೆನೋವು, ಗಟ್ಟಿಯಾಗಿ ಬಿಗಿದ ಹೊಟ್ಟೆ, ಜ್ವರ, ರಕ್ತ ಇವುಗಳಲ್ಲಿ ಯಾವುದು ಕಂಡರೂ ಎನಿಮಾ ಗಿನಿಮಾ ಅಂತ ಕೂರದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಅಜ್ಜಿಯ ಹಾಸಿಗೆ ಪಕ್ಕದ ಕ್ಯಾಲೆಂಡರಿನಲ್ಲಿ ಈಗ ಗಟ್ಟಿಯಾಗಿ ಹೋದ ದಿನವನ್ನು ಗುರುತು ಹಾಕುತ್ತಾರೆ. ಟ್ರಮಡಾಲ್ ಬೇಕೇಬೇಕು ಎಂದಾದ್ದರಿಂದ ಜೊತೆಗೆ ಪ್ರತಿದಿನವೂ ಪುಡಿ ನಡೆಯುತ್ತದೆ. ತಿಂಡಿ ತಿಂದು ಇಪ್ಪತ್ತು ಮೂವತ್ತು ನಿಮಿಷವಾದ ಮೇಲೆ, ಇಬ್ಬರು ಹಿಡಿದು ಕಮೋಡ್ ಕುರ್ಚಿಯಲ್ಲಿ ಕೂರಿಸಿ, ಪಾದದಡಿ ಮಣೆ ಇಡುತ್ತಾರೆ. ಊಟ ತಿಂಡಿಯಾದ ಹೊತ್ತಿಗೆ ಕರುಳು ತಾನಾಗಿ ಚಲಿಸುತ್ತದೆ, ಮಲಗಿದ್ದಲ್ಲಿ ತಿಣುಕುವುದಕ್ಕಿಂತ ಕೂತರೆ ಸುಲಭ. ಮೂರು ದಿನ ಗುರುತು ಬೀಳದಿದ್ದರೆ ನನಗೆ ಫೋನ್ ಬರುತ್ತದೆ.